ಮನೆಯ ಔಷಧ ಡಬ್ಬಿಯ ವಿಂಗಡಣೆ: ಹಿರಿಯ ನಾಗರಿಕರ ಕೂಟದಲ್ಲಿ ಆಡಿದ ಮಾತು

ಅಧ್ಯಕ್ಷರಿಗೂ ಕೂಟದ ಎಲ್ಲ ಸದಸ್ಯರಿಗೂ ನಮಸ್ಕಾರ.

ಮೂವತ್ತು ವರ್ಷ ಔಷಧ ಅಂಗಡಿಯಲ್ಲಿ ಕುಳಿತು ಬಂದವರಿಗೆಲ್ಲ ಬುದ್ಧಿ ಹೇಳಿದ ನಾನು, ಕಳೆದ ವಾರ ನನ್ನದೇ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಹನ್ನೊಂದು ಮಾತ್ರೆಗಳ ಹೆಸರು ಗೊತ್ತಾಗದೆ ಪೆಚ್ಚಾದೆ. ಮಾತ್ರೆಯ ಹಾಳೆಯನ್ನು ಎರಡೆರಡು ಮಾತ್ರೆಗಳ ತುಂಡುಗಳಾಗಿ ಕತ್ತರಿಸಿ ಇಟ್ಟುಕೊಳ್ಳುವ ಅಭ್ಯಾಸದಿಂದ, ಹಾಳೆಯ ಅಂಚಿನಲ್ಲಿ ಅಚ್ಚಾಗಿದ್ದ ಅವಧಿಯ ದಿನಾಂಕವೇ ಕತ್ತರಿಗೆ ಬಲಿಯಾಗಿತ್ತು. ಆದ್ದರಿಂದ ದಿನಾಂಕವಿರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಹೆಸರು ತಿಳಿಯದ ಮಾತ್ರೆಯನ್ನು ಬಣ್ಣ ನೋಡಿ ಊಹಿಸಬೇಡಿ.

ವಿಂಗಡಿಸುವಾಗ ನಾವು ಅವಧಿ ಮುಗಿದದ್ದನ್ನು ಮಾತ್ರ ಹುಡುಕುತ್ತೇವೆ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚಿನ ಅಪಾಯ ಒಂದೇ ಔಷಧ ಎರಡು ಹೆಸರಿನಲ್ಲಿ ಮನೆಯಲ್ಲಿರುವುದು. ಕಂಪನಿ ಇಟ್ಟ ಹೆಸರು ದಪ್ಪಕ್ಷರದಲ್ಲಿರುತ್ತದೆ, ಒಳಗಿನ ಔಷಧದ ಹೆಸರು ಬಹಳ ಸಲ ಸಣ್ಣಕ್ಷರದಲ್ಲಿರುತ್ತದೆ. ಜ್ವರಕ್ಕೆಂದು ತಂದ ಮಾತ್ರೆಯಲ್ಲೂ ನೆಗಡಿಗೆಂದು ತಂದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದ್ದು, ಎರಡನ್ನೂ ಒಟ್ಟಿಗೆ ನುಂಗಿದರೆ ಪ್ರಮಾಣ ಮಿತಿ ಮೀರಿ ಯಕೃತ್ತಿಗೆ ಹಾನಿಯಾಗಬಹುದು. ರಕ್ತದೊತ್ತಡದ ಮಾತ್ರೆಯಲ್ಲಿ ಹೀಗಾದರೆ ತಲೆಸುತ್ತಿ ಬೀಳುವ ಭಯ. ಭೂತಗನ್ನಡಿ ಹಿಡಿದು ಆ ಸಣ್ಣಕ್ಷರವನ್ನು ಓದಿ, ಒಂದೇ ಔಷಧದ ಹಾಳೆಗಳನ್ನು ಒಂದೇ ಚೀಲದಲ್ಲಿ ಹಾಕಿ. ವೈದ್ಯರು ನಿಲ್ಲಿಸಿದ ಔಷಧ, ಅವಧಿ ಉಳಿದಿದ್ದರೂ, ಆ ಡಬ್ಬಿಯಲ್ಲಿ ಇರಕೂಡದು.

ಪ್ರತಿ ಔಷಧಕ್ಕೂ ಒಂದು ಚೀಟಿ ಅಂಟಿಸಿ, ಅದರ ಮೇಲೆ ಔಷಧದ ಹೆಸರು, ಪ್ರಮಾಣ, ಯಾರಿಗೆ, ಯಾವ ತೊಂದರೆಗೆ, ಅವಧಿ ಎಂದಿಗೆ ಎಂಬುದನ್ನು ದಪ್ಪ ಪೆನ್ನಿನಿಂದ ಬರೆಯಿರಿ. ಚೀಟಿಯಿಂದ ಮುದ್ರಿತ ದಿನಾಂಕವನ್ನು ಮುಚ್ಚಬೇಡಿ (ನಾನು ಮೊದಲು ಮಾಡಿದ್ದು ಅದನ್ನೇ). ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ದ್ರವರೂಪದ ಔಷಧಕ್ಕೆ ತೆರೆದ ದಿನವನ್ನೂ ಬರೆಯಬೇಕು, ಏಕೆಂದರೆ ಬಹುತೇಕ ಕಣ್ಣಿನ ಹನಿಗಳನ್ನು ಬಾಟಲಿ ತೆರೆದ ಸುಮಾರು 28 ದಿನಗಳ ನಂತರ ಬಳಸಬಾರದು, ಮುದ್ರಿತ ಅವಧಿ ಇನ್ನೂ ವರ್ಷವಿದ್ದರೂ ಸರಿಯೇ.

ಹೊರಹಾಕುವವುಗಳನ್ನು ಔಷಧ ಅಂಗಡಿಯವರು ಹಿಂದಕ್ಕೆ ಪಡೆಯುತ್ತಾರೆಯೇ ಎಂದು ಮೊದಲು ಕೇಳಿ. ಪಡೆಯದಿದ್ದರೆ, ಬೇರೆ ಸೂಚನೆ ಇಲ್ಲದ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಮಣ್ಣಿನೊಡನೆ ಬೆರೆಸಿ, ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಬಹುದು. ಉಸಿರಿಗೆ ಎಳೆದುಕೊಳ್ಳುವ ಇನ್‌ಹೇಲರ್ ಬೆಂಕಿಯಲ್ಲಿ ಸಿಡಿಯಬಹುದು, ಸುಡಬೇಡಿ. ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಪ್ರತ್ಯೇಕವಾಗಿಡಿ.

ಉಳಿದದ್ದನ್ನು ಸ್ನಾನದ ಮನೆಯಲ್ಲೂ ಒಲೆಯ ಪಕ್ಕದಲ್ಲೂ ಇಡದೆ, ತೇವವೂ ಕಾವೂ ತಾಗದ, ಮೊಮ್ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ. ಫ್ರಿಜ್‌ನಲ್ಲಿಡಲು ಹೇಳಿದ್ದನ್ನು ಮಾತ್ರ ಅಲ್ಲಿಡಿ.

ಬಾಗಿಲ ಬಳಿಯ ಮೇಜಿನ ಮೇಲೆ ಬಿಳಿ ಚೀಟಿಗಳೂ ಪೆನ್ನುಗಳೂ ಇವೆ. ಮುಂದಿನ ಸಭೆಗೆ ನಿಮ್ಮ ಡಬ್ಬಿಯನ್ನು ಹಾಗೆಯೇ ತನ್ನಿ, ಒಟ್ಟಿಗೆ ಕುಳಿತು ಓದೋಣ.