ಪ್ರಾಜೆಕ್ಟ್‌ಗೆ ಫೋಟೊ ಅಂಟಿಸುವ ಮುನ್ನ: ಐದು ನಿಮಿಷದ ಪರೀಕ್ಷೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ 8, 9, 10ನೇ ತರಗತಿ ವಿದ್ಯಾರ್ಥಿಗಳಿಗೆ

ಪ್ರಾಜೆಕ್ಟ್ ಪುಸ್ತಕಗಳಲ್ಲಿ ಸಿಗುವ ತಪ್ಪು ಫೋಟೊಗಳಲ್ಲಿ ಕಂಪ್ಯೂಟರಿನಲ್ಲಿ ತಿದ್ದಿದವು ಕಡಿಮೆ. ಫೋಟೊ ನಿಜದ್ದೇ ಇರುತ್ತದೆ, ಕೆಳಗಿನ ಬರಹ ಸುಳ್ಳು ಹೇಳುತ್ತದೆ. ಆದ್ದರಿಂದ ಪ್ರತಿ ಫೋಟೊಗೂ ಮೂರು ಪ್ರಶ್ನೆ ಕೇಳಿ: ಎಲ್ಲಿಯದು? ಯಾವಾಗಿನದು? ತೆಗೆದವರು ಯಾರು?

ಮೊದಲು ಕಣ್ಣಿನ ಕೆಲಸ

ಇಂಟರ್ನೆಟ್ ಮುಟ್ಟುವ ಮುಂಚೆ ಫೋಟೊವನ್ನು ತೆರೆ ತುಂಬ ದೊಡ್ಡದು ಮಾಡಿ, ಒಂದು ನಿಮಿಷ ಸುಮ್ಮನೆ ನೋಡಿ. 'ಹಳೇಬೀಡು ಹೊಯ್ಸಳೇಶ್ವರ ದೇವಾಲಯ' ಎಂಬ ಬರಹದ ಜೊತೆ ಒಂದು ಫೋಟೊ ಬಂತು ಎನ್ನಿ. ನಕ್ಷತ್ರಾಕಾರದ ಜಗತಿ, ಸಾಲು ಸಾಲು ಆನೆ, ಕುದುರೆ, ಎಲ್ಲ ಸರಿಯಾಗಿಯೇ ಇದೆ. ಈಗ ಮೇಲೆ ನೋಡಿ. ಮೂರು ಶಿಖರ ಕಂಡರೆ ಅದು ಹಳೇಬೀಡಲ್ಲ. ಹೊಯ್ಸಳೇಶ್ವರಕ್ಕೆ ಶಿಖರವೇ ಇಲ್ಲ, ಮಾಡು ಚಪ್ಪಟೆ. ಗರ್ಭಗುಡಿ ಎರಡು, ಎದುರಿಗೆ ಎರಡು ದೊಡ್ಡ ನಂದಿ. ಮೂರು ಶಿಖರದ, ಸುತ್ತ ಪೌಳಿ ಇರುವ ಗುಡಿ ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯ. ಎತ್ತರದ ರಾಜಗೋಪುರ ಕಂಡರೆ ಬೇಲೂರು ಇರಬಹುದು. ಅಲ್ಲಿಯೂ ಚೆನ್ನಕೇಶವನ ಗುಡಿಯ ಮೇಲೆ ಶಿಖರವಿಲ್ಲ. 2023ರಲ್ಲಿ ಈ ಮೂರೂ ಊರಿನ ದೇವಾಲಯಗಳು ಒಟ್ಟಿಗೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಸುದ್ದಿಯಲ್ಲಿ ಮೂರರ ಫೋಟೊಗಳೂ ಅಕ್ಕಪಕ್ಕ ಬರುತ್ತವೆ. ಅದಲು ಬದಲಾಗುವುದು ಇಲ್ಲೇ.

ಗೊಮ್ಮಟನದೂ ಇದೇ ಕಥೆ. ಶ್ರವಣಬೆಳಗೊಳದ ವಿಗ್ರಹ ಸುಮಾರು 58 ಅಡಿ, ಕಾರ್ಕಳದ್ದು 42 ಅಡಿ, ವೇಣೂರಿನದು 35 ಅಡಿ. ಹತ್ತಿರದಿಂದ ತೆಗೆದರೆ ಮೂವರೂ ಒಬ್ಬರೇ ಎನ್ನಿಸುತ್ತಾರೆ. ಇಂಥಲ್ಲಿ ಮುಖ ನೋಡಿ ತೀರ್ಮಾನಿಸಬೇಡಿ. ಸುತ್ತಲಿನ ಕಟ್ಟಡ, ಬಂಡೆ, ಕಾಂಪೌಂಡನ್ನು ಇನ್ನೊಂದು ನಂಬಿಕಸ್ತ ಫೋಟೊ ಜೊತೆ ಹೋಲಿಸಿ.

ಬೋರ್ಡು, ಬಸ್ಸು, ನಂಬರ್ ಪ್ಲೇಟು ಕಂಡರೆ ಓದಿ. KA 13 ಹಾಸನ, KA 18 ಚಿಕ್ಕಮಗಳೂರು. ಆದರೆ ಗಾಡಿಗೆ ಚಕ್ರ ಇದೆ, ಊರು ಬಿಟ್ಟು ಹೋಗುತ್ತದೆ. ಇದು ಸುಳಿವು ಮಾತ್ರ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದರೆ ಫೋಟೊವನ್ನು ಯಾರೋ ಎಡಬಲ ಮಗುಚಿದ್ದಾರೆ.

ಫೋಟೊ ಕೊಟ್ಟು ಹುಡುಕುವುದು

ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್ ಆಗಿದ್ದರೆ ಮೊದಲು ಮೇಲಿನ ಬ್ಯಾಟರಿ ಪಟ್ಟಿ, ಕೆಳಗಿನ ಬರಹ, 'ಶುಭೋದಯ' ಎಲ್ಲ ಕತ್ತರಿಸಿ, ಬರೀ ಚಿತ್ರ ಉಳಿಸಿ. ಹಾಗೇ ಕೊಟ್ಟರೆ ಹುಡುಕಾಟ ಅಕ್ಷರಗಳ ಹಿಂದೆ ಹೋಗುತ್ತದೆ.

ಶಾಲೆಯ ಲ್ಯಾಬ್‌ನಲ್ಲಾದರೆ images.google.com ತೆರೆಯಿರಿ. ಹುಡುಕುವ ಪಟ್ಟಿಯಲ್ಲಿ ಕ್ಯಾಮೆರಾ ಗುರುತು ಇದೆ; ಅದನ್ನು ಒತ್ತಿ, ಫೈಲನ್ನು ಎಳೆದು ಹಾಕಿ. ಮನೆಯ ಫೋನಿನಲ್ಲಾದರೆ Google Lens ತೆರೆದು ಗ್ಯಾಲರಿಯಿಂದ ಫೋಟೊ ಆರಿಸಿ. ಮೊದಲು ಬರುವುದು 'ಇದನ್ನು ಹೋಲುವ' ಚಿತ್ರಗಳು. ಮಕ್ಕಳು ಎಡವುವುದು ಇಲ್ಲಿ: ಹೋಲುವ ಚಿತ್ರದ ಹೆಸರನ್ನೇ ತಮ್ಮ ಚಿತ್ರಕ್ಕೆ ಬರೆದುಕೊಳ್ಳುತ್ತಾರೆ. Exact matches ಎಂಬುದನ್ನು ಒತ್ತಿ. ಅದೇ ಫೋಟೊ ಇರುವ ಪುಟಗಳು ಅಲ್ಲಿ ಸಿಗುತ್ತವೆ. ಕನಿಷ್ಠ ಮೂರು ಪುಟ ತೆರೆದು ಓದಿ. ಮೂರರಲ್ಲೂ ಅಕ್ಷರ ಅಕ್ಷರ ಒಂದೇ ವಾಕ್ಯ ಇದ್ದರೆ ಅವು ಮೂರು ಸಾಕ್ಷಿಗಳಲ್ಲ, ಒಬ್ಬರದನ್ನು ಇನ್ನಿಬ್ಬರು ನಕಲು ಹೊಡೆದದ್ದು.

ಆಮೇಲೆ tineye.com. ಅಲ್ಲಿ ಫೋಟೊ ಹಾಕಿ, ಫಲಿತಾಂಶವನ್ನು Oldest ಎಂದು ಜೋಡಿಸಿ. ಕಾಣುವ ದಿನಾಂಕ TinEye ಆ ಫೋಟೊವನ್ನು ಮೊದಲು ಕಂಡ ದಿನ. ಫೋಟೊ ತೆಗೆದ ದಿನವಲ್ಲ. ಆದರೂ ಅದರಿಂದ ಒಂದು ಗಟ್ಟಿ ಮಾತು ಹೇಳಬಹುದು: ಫೋಟೊ ಆ ದಿನಕ್ಕಿಂತ ಹೊಸದಲ್ಲ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕುರಿಂಜಿ ಅರಳಿದ್ದು 2022ರಲ್ಲಿ. ಮುನ್ನಾರ್ ಕಡೆ ಅರಳಿದ್ದು 2018ರಲ್ಲಿ. 'ಮುಳ್ಳಯ್ಯನಗಿರಿ ಕುರಿಂಜಿ, 2022' ಎಂದು ಬರೆದ ನೇರಳೆ ಗುಡ್ಡದ ಫೋಟೊ 2019ರಲ್ಲೇ ಯಾವುದೋ ಪುಟದಲ್ಲಿದ್ದರೆ ಆ ಬರಹ ಸುಳ್ಳು, ಮುಗಿಯಿತು. ಏನೂ ಸಿಗದಿದ್ದರೆ ಫೋಟೊ ಹೊಸದು ಎಂದಾಗಲಿ, ಅಸಲಿ ಎಂದಾಗಲಿ ಅರ್ಥವಲ್ಲ. ಅದು ಹುಡುಕು ಯಂತ್ರಗಳ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಗೆಳೆಯ ಗೆಳತಿಯರ, ಮನೆಯವರ ಮುಖವಿರುವ ಫೋಟೊಗಳನ್ನು ಈ ತಾಣಗಳಿಗೆ ಹಾಕಬೇಡಿ.

ದಿನಾಂಕದ ಗೊಂದಲ

ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚನ್ನೇ ತೆಗೆದುಕೊಳ್ಳಿ. ಮಳೆಗಾಲ ಚೆನ್ನಾಗಿ ಆದರೆ ಗೋಡೆಗಳು ನೀರಿನೊಳಗೆ. ಬೇಸಿಗೆಯಲ್ಲಿ ಒಣ ನೆಲದ ಮೇಲೆ ನಡೆದೇ ಒಳಗೆ ಹೋಗಬಹುದು. ಎರಡೂ ಫೋಟೊ ನಿಜ. 'ಈ ವರ್ಷದ ಪ್ರವಾಹ' ಎಂದು ನೀರಿನ ಫೋಟೊ ಅಂಟಿಸಿದಾಗ ಮಾತ್ರ ತಪ್ಪು. ಅದು ಪ್ರವಾಹವಲ್ಲ, ಜಲಾಶಯದಲ್ಲಿ ಪ್ರತಿ ವರ್ಷ ನೀರು ಏರಿಳಿಯುವ ಸಂಗತಿ. ಫೋಟೊ ಯಾವ ವರ್ಷದ್ದೂ ಆಗಬಹುದು.

ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, Properties, ಆಮೇಲೆ Details. ಅಲ್ಲಿ Date taken ಇದ್ದರೆ ಕ್ಯಾಮೆರಾ ಬರೆದ ದಿನ. Date created ಸಾಮಾನ್ಯವಾಗಿ ನೀವು ಡೌನ್‌ಲೋಡ್ ಮಾಡಿದ ದಿನ, ಅದನ್ನು ನಂಬಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದರಲ್ಲಿ ಈ ವಿವರ ಅಳಿಸಿ ಹೋಗಿರುತ್ತದೆ. ತೆಗೆದವರ ಹತ್ತಿರ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಉಳಿದಿರುತ್ತದೆ. ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ ಇದೂ ತಪ್ಪು.

ಎಐ ಚಿತ್ರಗಳು

ಆರು ಬೆರಳು ಹುಡುಕುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ನಮ್ಮ ಕಡೆಯ ಚಿತ್ರಗಳಿಗೆ ಎರಡು ಜಾಗ ನೋಡಿ. ಒಂದು, ಕನ್ನಡ ಬೋರ್ಡು: ಒತ್ತಕ್ಷರ ಅಕ್ಷರದ ಹೊಟ್ಟೆಯೊಳಗೆ ಸೇರಿಕೊಂಡಿರುತ್ತದೆ, ಅಥವಾ ದೂರದಿಂದ ಕನ್ನಡದಂತೆ ಕಂಡರೂ ಓದಲು ಬರುವುದಿಲ್ಲ. ಎರಡು, ಕೆತ್ತನೆ: ಹೊಯ್ಸಳ ಗುಡಿಯ ಆನೆ ಸಾಲಿನಲ್ಲಿ ಒಂದೊಂದು ಆನೆಗೂ ಕಾಲು, ಸೊಂಡಿಲು ಎಣಿಸಬಹುದು. ಎಐ ಚಿತ್ರದಲ್ಲಿ ಒಂದು ಆನೆಯ ಸೊಂಡಿಲು ಪಕ್ಕದ ಬಳ್ಳಿಗೆ ಕರಗಿ ಹೋಗಿರುವುದುಂಟು. ಇದ್ಯಾವುದೂ ಸಿಗಲಿಲ್ಲವೆಂದು ಚಿತ್ರ ಅಸಲಿ ಎನ್ನಲಾಗದು. 'ಶೇಕಡಾ ಇಷ್ಟು ಎಐ' ಎಂದು ಹೇಳುವ ಉಚಿತ ತಾಣಗಳನ್ನು ಪುರಾವೆಯಾಗಿ ಬರೆಯಬೇಡಿ. ಅದೇ ಫೋಟೊವನ್ನು ಚಿಕ್ಕದು ಮಾಡಿ ಮತ್ತೆ ಹಾಕಿದರೆ ಉತ್ತರ ಬದಲಾಗಬಹುದು. ತೆಗೆದವರು ಯಾರೆಂದು ಗೊತ್ತಿರುವ ಫೋಟೊ ಬಳಸುವುದೇ ಸುಲಭದ ದಾರಿ.

ಅದಕ್ಕೆ commons.wikimedia.org ಒಳ್ಳೆಯ ಜಾಗ. ಪ್ರತಿ ಫೋಟೊದ ಪುಟದಲ್ಲಿ ತೆಗೆದವರ ಹೆಸರು, ದಿನಾಂಕ, ಪರವಾನಗಿ ಇರುತ್ತವೆ. CC BY-SA ಎಂದಿದ್ದರೆ ಹೆಸರು ಮತ್ತು ಪರವಾನಗಿ ಬರೆದು ಬಳಸಬಹುದು. ಅಲ್ಲಿಯೂ ಬರಹ ಬರೆದವರು ನಮ್ಮಂಥವರೇ, ಆದ್ದರಿಂದ ಶಿಖರ ಎಣಿಸುವುದನ್ನು ಬಿಡಬೇಡಿ. ಮೂಲ ಎಂಬಲ್ಲಿ 'ಗೂಗಲ್' ಎಂದು ಬರೆದರೆ ಅಂಕ ಸಿಗುವುದಿಲ್ಲ. ಗೂಗಲ್ ದಾರಿ ತೋರಿಸಿತು, ಫೋಟೊ ತೆಗೆಯಲಿಲ್ಲ.

ನೋಡಿದ್ದನ್ನೆಲ್ಲ ಪುಸ್ತಕದ ಕೊನೆ ಪುಟದಲ್ಲಿ ಬರೆದಿಡಿ, ತಿರಸ್ಕರಿಸಿದ ಫೋಟೊಗಳನ್ನೂ ಸೇರಿಸಿ. ಹೀಗೆ:

"ಚಿತ್ರ 4. ಶೆಟ್ಟಿಹಳ್ಳಿ ಚರ್ಚು, ಅರ್ಧ ನೀರಿನಲ್ಲಿ. ಬಂದದ್ದು: ತರಗತಿಯ ವಾಟ್ಸ್‌ಆ್ಯಪ್ ಗುಂಪು. ನೋಡಿದ ದಿನ: 12-11-2025, Google Lens ಮತ್ತು TinEye. ಸ್ಥಳ: ಸರಿ, ಕಮಾನುಗಳು ಬೇರೆ ಎರಡು ಫೋಟೊಗಳಿಗೆ ಹೊಂದುತ್ತವೆ. ದಿನಾಂಕ: 'ಕಳೆದ ವಾರ' ಎಂದಿತ್ತು, TinEyeನಲ್ಲಿ 2017ರದೇ ಇದೆ. ತೆಗೆದವರು: ಸಿಗಲಿಲ್ಲ. ತೀರ್ಮಾನ: ಬಳಸಿಲ್ಲ. ಬದಲಿಗೆ ಭಾನುವಾರ ಅಪ್ಪನ ಜೊತೆ ಹೋಗಿ ನಾನೇ ತೆಗೆದದ್ದು ಅಂಟಿಸಿದ್ದೇನೆ."