ಸ್ವಯಂ ಮೌಲ್ಯಮಾಪನ ಹೇಳಿಕೆ: 2024–25ನೇ ಸಾಲು

ಹುದ್ದೆ: ಮೇಲ್ವಿಚಾರಕಿ, ಕಾಫಿ ಸ್ವೀಕಾರ ಮತ್ತು ಗುಣಮಟ್ಟ ವಿಭಾಗ, ಕಾಫಿ ಕ್ಯೂರಿಂಗ್ ವರ್ಕ್ಸ್, ಚಿಕ್ಕಮಗಳೂರು
ಅವಧಿ: 1 ಏಪ್ರಿಲ್ 2024ರಿಂದ 31 ಮಾರ್ಚ್ 2025ರವರೆಗೆ

ಮಾನ್ಯರೇ,

ಈ ಹೇಳಿಕೆಯಲ್ಲಿ ‘ನಾನು’ ಎಂದು ಬರೆದಿರುವ ಕಡೆಗಳಲ್ಲಿ ನಿರ್ಧಾರವೂ ಅದರ ಹೊಣೆಯೂ ನನ್ನದಾಗಿತ್ತೆಂದೂ, ‘ನಾವು’ ಎಂದಿರುವ ಕಡೆಗಳಲ್ಲಿ ವಿಭಾಗದ ಏಳು ಮಂದಿ ಸೇರಿ ಮಾಡಿದ ಕೆಲಸವೆಂದೂ ತಾವು ಓದಿಕೊಳ್ಳಬೇಕೆಂದು ಕೋರುತ್ತೇನೆ. ಉಲ್ಲೇಖಿಸಿರುವ ಅಂಕಿಗಳೆಲ್ಲವೂ ನಮ್ಮ ಸ್ವೀಕಾರ ಪುಸ್ತಕ ಮತ್ತು ದೂರು ಪುಸ್ತಕದಲ್ಲಿರುವವೇ ಆಗಿವೆ.

ಈ ಸಾಲಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಮುಖ್ಯವಾದುದು ಔಟ್‌ಟರ್ನ್ ಕುರಿತ ತಕರಾರುಗಳನ್ನು ತಗ್ಗಿಸಿದ್ದು ಎಂದು ಭಾವಿಸುತ್ತೇನೆ. 2023–24ರಲ್ಲಿ 1,180 ಲಾಟುಗಳಿಗೆ 43 ಲಿಖಿತ ದೂರುಗಳು ಬಂದಿದ್ದವು; ಈ ಸಾಲಿನಲ್ಲಿ 1,246 ಲಾಟುಗಳಿಗೆ 16 ಬಂದಿವೆ. ಹಿಂದಿನ ವರ್ಷದ ದೂರುಗಳನ್ನು ಕಳೆದ ಜೂನ್‌ನಲ್ಲಿ ಒಂದೊಂದಾಗಿ ಓದಿದಾಗ, ಬಹುಪಾಲು ಬೆಳೆಗಾರರ ಸಂಶಯ ಹಲ್ಲರಿನ ಮೇಲಾಗಲಿ ಗ್ರೇಡಿಂಗಿನ ಮೇಲಾಗಲಿ ಇರದೆ, ತಾವು ತಂದ ಕಾಫಿಯ ತೇವಾಂಶವನ್ನು ತಮ್ಮ ಕಣ್ಣೆದುರು ಯಾರೂ ಅಳೆಯಲಿಲ್ಲ ಎಂಬುದರ ಮೇಲಿತ್ತು ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಮಾದರಿ ತೆಗೆಯುವ ಮೇಜನ್ನು ಒಳಕೋಣೆಯಿಂದ ವೇಬ್ರಿಡ್ಜ್ ಪಕ್ಕದ ಜಗುಲಿಗೆ ಸ್ಥಳಾಂತರಿಸಿ, ಬೆಳೆಗಾರರು ಅಥವಾ ಅವರು ಕಳುಹಿಸಿದ ರೈಟರ್ ಎದುರಿನಲ್ಲೇ ಚೀಲಗಳಿಂದ ಮಾದರಿ ತೆಗೆದು, ಮೀಟರು ತೋರಿಸಿದ ಅಂಕಿಯನ್ನು ಅವರ ರಸೀದಿಯಲ್ಲೇ ಬರೆದು ಸಹಿ ಪಡೆಯುವ ಕ್ರಮವನ್ನು ನವೆಂಬರ್ ಮೊದಲ ವಾರದಿಂದ ಜಾರಿಗೆ ತಂದೆ. ಕಾಫಿ ಮಂಡಳಿ ಸೂಚಿಸಿರುವ ಮಿತಿಗಳನ್ನು, ಅಂದರೆ ಪಾರ್ಚ್‌ಮೆಂಟಿಗೆ ಶೇ 10, ಅರೇಬಿಕಾ ಚೆರ್ರಿಗೆ ಶೇ 10.5, ರೋಬಸ್ಟಾ ಚೆರ್ರಿಗೆ ಶೇ 11 ಎಂಬುದನ್ನು, ಅದೇ ಮೇಜಿನ ಮೇಲ್ಗಡೆ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಲಾಯಿತು.

ಇದರೊಂದಿಗೆ ಒಂದೇ ಪುಟದ ಕನ್ನಡ ವಿವರಣಾ ಪತ್ರವೊಂದನ್ನು ನಾನು ಸಿದ್ಧಪಡಿಸಿದೆ. ಶೇ 12ರಷ್ಟು ತೇವಾಂಶವಿರುವ ಸಾವಿರ ಕಿಲೋ ಕಾಫಿ ಶೇ 10ಕ್ಕೆ ಒಣಗುವಷ್ಟರಲ್ಲಿ ಸುಮಾರು 978 ಕಿಲೋ ಆಗುತ್ತದೆ, ಕಡಿಮೆಯಾದ 22 ಕಿಲೋ ಬರಿಯ ನೀರು ಎಂಬ ಲೆಕ್ಕವನ್ನು ಅದರಲ್ಲಿ ಬಿಡಿಸಿ ತೋರಿಸಲಾಗಿದೆ. ಕಾಫಿಯ ಬೆಲೆ ಹಿಂದೆಂದೂ ಇಲ್ಲದ ಮಟ್ಟಕ್ಕೆ ಏರಿದ್ದ ಈ ಹಂಗಾಮಿನಲ್ಲಿ ನೂರು ಚೀಲಕ್ಕೆ ಶೇ 1ರ ವ್ಯತ್ಯಾಸವೆಂದರೆ ಐವತ್ತು ಕಿಲೋದ ಒಂದು ಪೂರ್ತಿ ಚೀಲ. ಅದನ್ನು ಕಳೆದುಕೊಂಡವರು ಕಾರಣ ಕೇಳುವುದು ನ್ಯಾಯವೇ ಆಗಿದೆ. ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯ ಹಲವು ಬೆಳೆಗಾರರು ಈ ಪತ್ರವನ್ನು ಕೇಳಿ ಪಡೆದು ನೆರೆಯವರಿಗೂ ಕೊಂಡೊಯ್ದಿದ್ದಾರೆ.

ಆದರೂ ದೂರುಗಳ ಈ ಇಳಿಕೆಯನ್ನು ಪೂರ್ತಿಯಾಗಿ ನನ್ನ ಲೆಕ್ಕಕ್ಕೆ ಬರೆದುಕೊಳ್ಳಲಾರೆ. ಅಕ್ಟೋಬರಿನಲ್ಲಿ ಆಡಳಿತವು ಹೊಸ ಮಾಯಿಶ್ಚರ್ ಮೀಟರು ಕೊಡಿಸದೇ ಇದ್ದಿದ್ದರೆ ಎದುರಿಗೇ ಅಳೆಯುವ ಮಾತನ್ನಾಡಲು ನನಗೆ ಧೈರ್ಯವಿರುತ್ತಿರಲಿಲ್ಲ. ಹಳೆಯ ಮೀಟರಿನಲ್ಲಿ ಒಂದೇ ಮಾದರಿಗೆ ಎರಡು ಸಲ ಎರಡು ಅಂಕಿ ಬರುತ್ತಿದ್ದುದು ತಮಗೂ ತಿಳಿದ ವಿಷಯವೇ. ಬಂದ 16 ದೂರುಗಳಲ್ಲಿ 11 ಒಂದು ವಾರದೊಳಗೆ ಇತ್ಯರ್ಥವಾದವು. ಉಳಿದ ಐದನ್ನು ಮರುಪರೀಕ್ಷೆ ಮಾಡಿದಾಗ ಎರಡರಲ್ಲಿ ತಪ್ಪು ನಮ್ಮ ಕಡೆಯದೇ ಎಂದು ಕಂಡುಬಂದು, ವ್ಯತ್ಯಾಸದ ಹಣವನ್ನು ಬೆಳೆಗಾರರಿಗೆ ಪಾವತಿಸಲಾಗಿದೆ.

ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದಿಂದ ಸುರಿದ ಮಳೆಗೆ ಕಣದಲ್ಲಿದ್ದ ಕಾಫಿ ನೆನೆದು, ಸರಿಯಾಗಿ ಒಣಗದ ಲಾಟುಗಳು ಒಟ್ಟೊಟ್ಟಾಗಿ ನಮ್ಮಲ್ಲಿಗೆ ಬರತೊಡಗಿದವು. ಹಿಂತಿರುಗಿಸಿದರೆ ಬೆಳೆಗಾರರಿಗೆ ಒಣಗಿಸಲು ಬಿಸಿಲಿಲ್ಲ, ಸ್ವೀಕರಿಸಿದರೆ ನಮಗೆ ಹರಡಲು ಜಾಗವಿಲ್ಲ ಎಂಬ ಸ್ಥಿತಿ ಅದು. ನಮ್ಮ ಸಿಮೆಂಟು ಕಣವನ್ನು ಪಾಳಿಯ ಮೇಲೆ ಹಂಚಿಕೊಡುವ ಏರ್ಪಾಡು ಮಾಡಿ 74 ಲಾಟುಗಳನ್ನು ಮರುಒಣಗಿಸಿದೆವು. ಆ ದಿನಗಳಲ್ಲಿ ಕಣದ ಹೆಂಗಸರು ಬೆಳಿಗ್ಗೆ ಆರೂವರೆಗೆ ಬಂದು ಟಾರ್ಪಾಲು ತೆಗೆದು ಕಾಫಿ ಹರಡದಿದ್ದರೆ ನನ್ನ ಪಾಳಿಪಟ್ಟಿ ಕಾಗದದಲ್ಲೇ ಉಳಿಯುತ್ತಿತ್ತು.

ಇದೇ ಅವಧಿಯಲ್ಲಿ ನನ್ನಿಂದಾದ ಒಂದು ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಜಾಗದ ಒತ್ತಡಕ್ಕೆ ಮಣಿದು, ಶೇ 13ಕ್ಕಿಂತ ಹೆಚ್ಚು ತೇವಾಂಶವಿದ್ದ 62 ಚೀಲ ಅರೇಬಿಕಾ ಚೆರ್ರಿಯನ್ನು ಎರಡು ದಿನದ ಮಟ್ಟಿಗೆಂದು ಎರಡನೇ ಗೋದಾಮಿನಲ್ಲಿ ಅಟ್ಟಿ ಹಾಕಲು ನಾನು ಅನುಮತಿಸಿದೆ. ಎರಡು ದಿನವೆಂದದ್ದು ಹತ್ತು ದಿನವಾಯಿತು. ಮುಗ್ಗಲು ವಾಸನೆಯನ್ನು ಮೊದಲು ಗುರುತಿಸಿ ತಿಳಿಸಿದವರು ಗೋದಾಮಿನ ಹಮಾಲರೊಬ್ಬರು, ನಾನಲ್ಲ. ಒಂಬತ್ತು ಚೀಲಗಳು ಕೆಳದರ್ಜೆಗೆ ಇಳಿದು, ಆ ನಷ್ಟವನ್ನು ಸಂಸ್ಥೆ ಭರಿಸಬೇಕಾಯಿತು. ಮಿತಿ ಮೀರಿದ ತೇವಾಂಶದ ಚೀಲಗಳಿಗೆ ಕೆಂಪು ಚೀಟಿ ಕಟ್ಟಿ ದಿನವೂ ಸಂಜೆ ತಪಾಸಣೆ ಮಾಡುವ ಪದ್ಧತಿ ಅಲ್ಲಿಂದೀಚೆಗೆ ನಡೆದುಬಂದಿದ್ದು, ಮಾರ್ಚ್ ಅಂತ್ಯದವರೆಗೆ ಅಂಥ ಪ್ರಕರಣ ಮತ್ತೊಂದು ಸಂಭವಿಸಿಲ್ಲ.

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮಕ್ಕೆ ಅಗತ್ಯವಾದ ತೋಟಗಳ ಸ್ಥಳಮಾಹಿತಿಯನ್ನು ಸಂಗ್ರಹಿಸುವ ಕೆಲಸವನ್ನು ಆಗಸ್ಟಿನಲ್ಲಿ ನನಗೆ ವಹಿಸಲಾಗಿತ್ತು. ನಮಗೆ ಕಾಯಂ ಕಾಫಿ ಕೊಡುವ 386 ಬೆಳೆಗಾರರಲ್ಲಿ 312 ಮಂದಿಯ ವಿವರ ಪೂರ್ಣಗೊಂಡಿದೆ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟಗಳಿಗೆ ಪೂರ್ತಿ ಗಡಿರೇಖೆ ಬೇಕಾಗುವುದರಿಂದ ಅಲ್ಲಿ ನಡೆದೇ ಅಳೆಯಬೇಕಾಯಿತು. ಸಣ್ಣ ತೋಟಗಳಿಗೆ ಒಂದು ಬಿಂದು ಸಾಕಾಗುತ್ತದೆ. ಬೆಳೆಗಾರರ ಮನೆಗಳಿಗೆ ಹೋಗಿ, ಈ ಮಾಹಿತಿ ಕಂದಾಯಕ್ಕಾಗಿ ಅಲ್ಲ ಎಂದು ಮನವರಿಕೆ ಮಾಡಿ ಒಪ್ಪಿಗೆ ಪಡೆದವಳು ನಾನಾದರೂ, ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಆರು ಸ್ಥಾನದವರೆಗೆ ತಪ್ಪಿಲ್ಲದೆ ದಾಖಲಿಸಿದ ಶ್ರಮ ನಮ್ಮ ಇಬ್ಬರು ಕಿರಿಯ ಸಹೋದ್ಯೋಗಿಗಳದು. ನಿಯಮದ ಜಾರಿಯನ್ನು 2025ರ ಡಿಸೆಂಬರ್ ಅಂತ್ಯಕ್ಕೆ ಮುಂದೂಡಿರುವುದರಿಂದ ಬಾಕಿ 74 ತೋಟಗಳಿಗೆ ಸಮಯವಿದೆ. ಅವುಗಳಲ್ಲಿ ಹೆಚ್ಚಿನವು ಮಳೆಗಾಲದಲ್ಲಿ ತಲುಪಲಾಗದ ಕಡೆ ಇರುವುದರಿಂದ ಮೇ ತಿಂಗಳೊಳಗೆ ಮುಗಿಸಲು ಉದ್ದೇಶಿಸಿದ್ದೇನೆ.

ಕಪ್ಪಿಂಗ್, ಅಂದರೆ ರುಚಿಪರೀಕ್ಷೆಯಲ್ಲಿ ನನ್ನ ತಿಳಿವಳಿಕೆ ಇನ್ನೂ ಸಾಲದು. ಕಾಳು ನೋಡಿ ದೋಷ ಹೇಳಬಲ್ಲೆನೇ ಹೊರತು, ಲೋಟದಲ್ಲಿ ಹುಳಿ ಬಂದದ್ದು ಹಣ್ಣಿನ ಗುಣದಿಂದಲೋ ಹೆಚ್ಚು ಹೊತ್ತು ಕೊಳೆಯಿಟ್ಟದ್ದರಿಂದಲೋ ಎಂದು ಖಚಿತವಾಗಿ ಹೇಳಲಾರೆ. ಈ ವಿಷಯದಲ್ಲಿ ತರಬೇತಿಗೆ ನನ್ನನ್ನು ನಿಯೋಜಿಸಬೇಕೆಂದು ವಿನಂತಿಸುತ್ತೇನೆ. ನವೆಂಬರಿಗೆ ಮುನ್ನ ಎರಡನೇ ಮೀಟರೊಂದು ದೊರೆತರೆ, ಜನವರಿಯಲ್ಲಿ ಲಾರಿಗಳು ಗೇಟಿನ ಹೊರಗೆ ಮೂರು ತಾಸು ಕಾಯುವುದು ತಪ್ಪುತ್ತದೆ. ಮುಗ್ಗಲನ್ನು ಸಕಾಲದಲ್ಲಿ ತಿಳಿಸಿದ ಹಮಾಲರ ಹೆಸರನ್ನು ಈ ಸಾಲಿನ ಪ್ರೋತ್ಸಾಹಧನದ ಪಟ್ಟಿಗೆ ಸೇರಿಸುವಂತೆ ಪ್ರತ್ಯೇಕ ಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಮೇಲ್ವಿಚಾರಕಿ, ಸ್ವೀಕಾರ ಮತ್ತು ಗುಣಮಟ್ಟ ವಿಭಾಗ
ಚಿಕ್ಕಮಗಳೂರು, 9 ಏಪ್ರಿಲ್ 2025