ಸ್ನೇಹಿತರ ದಿನ: ಜೊತೆಗೊಬ್ಬರನ್ನು ಕರೆತನ್ನಿ, ಅವರ ಚಹಾ ನಮ್ಮ ಲೆಕ್ಕ

ಆಗಸ್ಟ್ 2, 2026, ಭಾನುವಾರ. ಬೆಳಿಗ್ಗೆ 11ರಿಂದ ರಾತ್ರಿ 9ರವರೆಗೆ, ಕಲಬುರಗಿ ಸ್ಟೇಷನ್ ರಸ್ತೆಯ ನಮ್ಮ ಕೆಫೆಯಲ್ಲಿ.

ಇಬ್ಬರು ಬನ್ನಿ, ಒಬ್ಬರ ಹಣ ಕೊಡಿ. ಇರಾನಿ ಚಹಾ, ಫಿಲ್ಟರ್ ಕಾಫಿ, ಬಾದಾಮಿ ಹಾಲು, ಕೋಲ್ಡ್ ಕಾಫಿ, ನಿಂಬೆ ಸೋಡಾ, ಯಾವುದಾದರೂ ಸರಿ. ಇಬ್ಬರೂ ಬೇರೆ ಬೇರೆ ಕುಡಿದರೆ ಹೆಚ್ಚು ಬೆಲೆಯದಕ್ಕೆ ಹಣ, ಕಡಿಮೆ ಬೆಲೆಯದು ಉಚಿತ. ಚಹಾ ಮಾತ್ರವಲ್ಲ, ಬೋರ್ಡಿನಲ್ಲಿ ಬರೆದಿರುವ, ನಾವೇ ಮಾಡಿಕೊಡುವ ಎಲ್ಲ ಪಾನೀಯಗಳಿಗೂ ಇದೇ ಲೆಕ್ಕ. ಬಾಟಲಿಯ ನೀರು, ತಂಪು ಪಾನೀಯಗಳಿಗೆ ಅನ್ವಯಿಸುವುದಿಲ್ಲ.

ದೊಡ್ಡ ಗುಂಪು ಬಂದಾಗ ಬಿಲ್ಲಿನ ಮೇಲೆ ವಾದ ಏಳಬಾರದು. ಅದಕ್ಕೇ ಲೆಕ್ಕವನ್ನು ಈಗಲೇ ಬಿಡಿಸಿ ಹೇಳುತ್ತೇವೆ. ನಿಮ್ಮ ಪಾನೀಯಗಳನ್ನು ಬೆಲೆಯ ಇಳಿಕೆ ಕ್ರಮದಲ್ಲಿ ಬರೆದುಕೊಂಡು, ಮೇಲಿನಿಂದ ಎರಡೆರಡನ್ನು ಜೋಡಿ ಮಾಡುತ್ತೇವೆ. ಪ್ರತಿ ಜೋಡಿಯಲ್ಲೂ ಒಂದು ಉಚಿತ. ಐವರು ಬಂದಿದ್ದೀರಿ ಎಂದುಕೊಳ್ಳಿ: 90 ರೂಪಾಯಿಯ ಕೋಲ್ಡ್ ಕಾಫಿ ಎರಡು, 60ರ ಬಾದಾಮಿ ಹಾಲು ಒಂದು, 30ರ ಇರಾನಿ ಚಹಾ ಎರಡು. ಒಟ್ಟು 300. ಮೊದಲ ಜೋಡಿಗೆ 90, ಎರಡನೆಯ ಜೋಡಿಗೆ 60. ಜೋಡಿ ಸಿಗದೆ ಉಳಿದ ಐದನೆಯ ಚಹಾಕ್ಕೆ ಅರ್ಧ ಬೆಲೆ, 15. ನೀವು ಕೊಡಬೇಕಾದದ್ದು 165 ರೂಪಾಯಿ. ಗುಂಪಿನಲ್ಲಿ ಬಂದವರು ಯಾರೂ ಪೂರ್ತಿ ಬೆಲೆ ತೆತ್ತು ಒಂಟಿಯಾಗಿ ಉಳಿಯುವುದು ನಮಗೆ ಇಷ್ಟವಿಲ್ಲ. ತೆರಿಗೆ ಈ ಬೆಲೆಯಲ್ಲೇ ಸೇರಿದೆ.

ನಾಲ್ವರಿಗೆ ಒಂದು ಪ್ಲೇಟ್ ಮಿರ್ಚಿ ಭಜಿ ಕೂಡ ಉಚಿತ. ಎಂಟು ಜನರಿದ್ದರೆ ಎರಡು ಪ್ಲೇಟ್. ಸೀಳಿದ ಹಸಿಮೆಣಸಿನಕಾಯಿಯನ್ನು ಓಮ ಬೆರೆಸಿದ ಕಡಲೆಹಿಟ್ಟಿನಲ್ಲಿ ಅದ್ದಿ, ನೀವು ಕುಳಿತ ಮೇಲೆಯೇ ಎಣ್ಣೆಗೆ ಬಿಡುತ್ತೇವೆ. ಮೊದಲೇ ಕರಿದಿಟ್ಟದ್ದನ್ನು ಬಡಿಸುವುದಿಲ್ಲ, ಹಾಗಾಗಿ ಹತ್ತು ನಿಮಿಷ ಕಾಯಬೇಕಾಗಬಹುದು. ಜೊತೆಗೆ ಸುಸಲಾ ಬೇಕೆಂದರೆ ಅದರ ಬೆಲೆ ಬೇರೆ.

ಸ್ನೇಹಿತರು ಎಂದರೆ ಕಾಲೇಜಿನವರೇ ಆಗಬೇಕಿಲ್ಲ. ಅಕ್ಕ, ಪಕ್ಕದ ಮನೆಯವರು, ಅಂಗಡಿಯ ಜೊತೆಗಾರರು, ನಿವೃತ್ತರಾದ ಮೇಲೂ ದಿನಾ ಸಂಜೆ ಅಪ್ಪನ ಕೆರೆ ಸುತ್ತುವ ಹಿರಿಯರು, ಎಲ್ಲರಿಗೂ ಸ್ವಾಗತ. ಕೂಪನ್, ಆ್ಯಪ್, ಗುರುತಿನ ಚೀಟಿ ಯಾವುದೂ ಬೇಡ. ಆದರೆ ಜೊತೆಗಾರರು ಎದುರಿಗೆ ಕುಳಿತಿರಬೇಕು. ಪಾರ್ಸೆಲ್‌ಗೆ ಈ ಕೊಡುಗೆ ಇಲ್ಲ. ಗೆಳೆಯ ಆಳಂದದ ಬಸ್ಸಿನಲ್ಲಿ ಇನ್ನೂ ದಾರಿಯಲ್ಲಿದ್ದಾನೆಯೇ? ನೀವು ಕುಡಿಯಲು ಆರಂಭಿಸಿ, ಅವನು ಬರುವವರೆಗೆ ಬಿಲ್ ಮಾಡುವುದಿಲ್ಲ.

ಒಬ್ಬರಿಗೆ ಅಂದು ಒಂದು ಪಾನೀಯಕ್ಕೆ ಮಾತ್ರ ಈ ಲೆಕ್ಕ. ಎರಡನೆಯ ಸುತ್ತಿಗೆ ಎಂದಿನ ಬೆಲೆ.

ಆರು ಅಥವಾ ಹೆಚ್ಚು ಜನ ಬರುವುದಾದರೆ ಶನಿವಾರ ಸಂಜೆ 7ರೊಳಗೆ ಕೌಂಟರಿನಲ್ಲಿ ಹೆಸರು, ಸಮಯ ಬರೆಸಿ ಹೋಗಿ; ಮೇಜುಗಳನ್ನು ಕೂಡಿಸಿ ಇಟ್ಟಿರುತ್ತೇವೆ. ಮುಂಗಡ ಹಣ ಬೇಡ. ಹೇಳಿದ ಸಮಯದಿಂದ 20 ನಿಮಿಷ ಮೇಜು ನಿಮ್ಮದು, ಆ ಬಳಿಕ ಕಾಯುತ್ತಿರುವವರಿಗೆ ಬಿಟ್ಟುಕೊಡುತ್ತೇವೆ. ಸಂಜೆ 5ರಿಂದ 7ರವರೆಗೆ ಜನ ಹೆಚ್ಚು. ನೆಮ್ಮದಿಯಾಗಿ ಕುಳಿತು ಹರಟಬೇಕೆನ್ನುವವರು ಮಧ್ಯಾಹ್ನ ಬನ್ನಿ. ಕೊನೆಯ ಆರ್ಡರ್ ರಾತ್ರಿ 8.30ಕ್ಕೆ.